ಎದೆಯಲ್ಲಿ ಬಿಗಿ, ಭುಜದಲ್ಲಿ ಸಡಿಲ: ತುಂಬು ಎದೆಗೆ ಪೇಪರ್ ಪ್ಯಾಟರ್ನ್ ತಿದ್ದುವ ಕೈಪಿಡಿ

ಅಳತೆ ಪಟ್ಟಿ ನೋಡಿ ಸೈಜು ಆರಿಸಿದ್ದೀರಿ, ಪ್ಯಾಟರ್ನ್ ಹೇಳಿದ ಹಾಗೇ ಕತ್ತರಿಸಿ ಹೊಲಿದಿದ್ದೀರಿ. ಆದರೂ ಟಾಪ್ ಮೈಗೆ ಕೂರುತ್ತಿಲ್ಲ. ಒಂದೋ ಎದೆಯ ಮೇಲೆ ಎಳೆಯುತ್ತದೆ, ಇಲ್ಲವೇ ಎದೆ ಸರಿಯಾಗಿದ್ದು ಭುಜ ಜಾರುತ್ತದೆ. ತುಂಬು ಎದೆ ಇರುವವರಿಗೆ ಇದು ತೀರಾ ಸಾಮಾನ್ಯವಾದ ತೊಂದರೆ, ಮತ್ತು ಇದರಲ್ಲಿ ಮೈಯದ್ದಾಗಲಿ ಹೊಲಿಗೆಯದ್ದಾಗಲಿ ತಪ್ಪಿಲ್ಲ. ಹೆಚ್ಚಿನ ಪ್ಯಾಟರ್ನ್‌ಗಳನ್ನು ಬಿ ಕಪ್ ಲೆಕ್ಕದಲ್ಲಿ ಬರೆದಿರುತ್ತಾರೆ. ಅಂದರೆ ಎದೆಯ ಮೇಲ್ಭಾಗದ ಸುತ್ತಳತೆಗಿಂತ ತುಂಬಿದ ಭಾಗದ ಸುತ್ತಳತೆ 2 ಇಂಚು ಮಾತ್ರ ಜಾಸ್ತಿ ಇರುತ್ತದೆ ಎಂದುಕೊಂಡಿರುತ್ತಾರೆ. ನಿಮ್ಮಲ್ಲಿ ಆ ವ್ಯತ್ಯಾಸ 3, 4, 5 ಇಂಚು ಇದ್ದರೆ, ಯಾವ ಸೈಜು ತೆಗೆದುಕೊಂಡರೂ ಎಲ್ಲೋ ಒಂದು ಕಡೆ ಕೈಕೊಡುತ್ತದೆ.

ಇಲ್ಲಿ ಹೇಳುವುದೆಲ್ಲ ಹಿಗ್ಗದ ಬಟ್ಟೆಯ, ಮುಂಭಾಗದಲ್ಲಿ ಪಕ್ಕದ ಡಾರ್ಟ್, ಅಂದರೆ ಪಕ್ಕದ ಹೊಲಿಗೆಯಿಂದ ಎದೆಯ ಕಡೆಗೆ ಮೊನಚಾಗಿ ಹೊಲಿದ ಮಡಿಕೆ ಇರುವ, ಸಾಮಾನ್ಯ ತೋಳಿನ ಅಥವಾ ತೋಳಿಲ್ಲದ ಟಾಪಿನ ಬಗ್ಗೆ. ಇದೊಂದು ಅರ್ಥವಾದರೆ ಉಳಿದ ಮಾದರಿಗಳಿಗೆ ಹೋಗುವುದು ಸುಲಭ.

ಭುಜ ಜಾರುತ್ತದೆ, ಕೊರಳು ಬಾಯಿ ಬಿಡುತ್ತದೆ, ಎದೆ ಮಾತ್ರ ಸರಿಯಾಗಿದೆ

ಇದು ಸೈಜಿನ ತಪ್ಪು. ಎದೆಗೆ ಸಾಲದು ಅಂತ ದೊಡ್ಡ ಸೈಜು ತೆಗೆದುಕೊಂಡಾಗ ಎದೆಯ ಜೊತೆಗೆ ಭುಜ, ಕೊರಳು, ಆರ್ಮ್‌ಹೋಲ್, ಬೆನ್ನು ಎಲ್ಲವೂ ದೊಡ್ಡದಾಗುತ್ತವೆ. ಭುಜದ ಮೂಳೆ ಎದೆಯ ಜೊತೆ ಬೆಳೆಯುವುದಿಲ್ಲ ಅಲ್ವಾ? ಆಮೇಲೆ ಭುಜ ಒಳಗೆ ಹಿಡಿಯುವುದು, ಕೊರಳು ಕಿರಿದು ಮಾಡುವುದು, ತೋಳು ಮತ್ತೆ ಕೂರಿಸುವುದು ಎಂದು ಒಂದರ ಹಿಂದೆ ಒಂದು ತಿದ್ದುಪಡಿ ಶುರುವಾಗುತ್ತದೆ. ಭುಜ ಮತ್ತು ಕೊರಳು ತಿದ್ದುವುದಕ್ಕಿಂತ ಎದೆ ತಿದ್ದುವುದು ಎಷ್ಟೋ ಸುಲಭ. ಅದಕ್ಕೇ ಭುಜಕ್ಕೆ ಕೂರುವ ಸೈಜು ತೆಗೆದುಕೊಂಡು ಎದೆಗೆ ಜಾಗ ಮಾಡಿಕೊಳ್ಳಿ ಎನ್ನುವುದು.

ಖರ್ಚಿಲ್ಲದ ಪರೀಕ್ಷೆ ಎಂದರೆ ಎರಡು ಅಳತೆ. ಆ ಟಾಪಿನ ಒಳಗೆ ನೀವು ನಿಜವಾಗಿ ಹಾಕುವ ಬ್ರಾ ಹಾಕಿಕೊಂಡೇ ಅಳೆಯಿರಿ. ಬ್ರಾ ಬದಲಾದರೆ ಅಳತೆ ಮಾತ್ರ ಬದಲಾಗುವುದಲ್ಲ, ಎದೆಯ ತುದಿ ಇರುವ ಎತ್ತರವೂ ಬದಲಾಗುತ್ತದೆ. ಮೊದಲನೆಯದು ಮೇಲೆದೆ: ಟೇಪನ್ನು ಕಂಕುಳ ಕೆಳಗಿನಿಂದ ತಂದು, ಎದೆಯ ಉಬ್ಬು ಶುರುವಾಗುವ ಜಾಗಕ್ಕಿಂತ ಮೇಲೆ ಸುತ್ತಿ. ಎರಡನೆಯದು ತುಂಬು ಎದೆ: ಅತಿ ಹೆಚ್ಚು ಉಬ್ಬಿದ ಕಡೆ, ಟೇಪು ನೆಲಕ್ಕೆ ಸಮನಾಗಿ. ಎರಡರಲ್ಲೂ ಕೈ ಕೆಳಗಿರಲಿ, ಉಸಿರು ಹಿಡಿಯಬೇಡಿ. ಒಬ್ಬರೇ ಅಳೆದರೆ ಬೆನ್ನಿನ ಕಡೆ ಟೇಪು ಜಾರಿ ಅಳತೆ ತಪ್ಪುತ್ತದೆ. ಕನ್ನಡಿಗೆ ಪಕ್ಕಕ್ಕೆ ತಿರುಗಿ ನೋಡಿಕೊಳ್ಳಿ, ಆಗುವುದಾದರೆ ಇನ್ನೊಬ್ಬರಿಂದ ಅಳೆಸಿ.

ಈಗ ಮೇಲೆದೆ ಅಳತೆಗೆ 2 ಇಂಚು ಸೇರಿಸಿ. ಬಂದ ಸಂಖ್ಯೆ ಅಳತೆ ಪಟ್ಟಿಯಲ್ಲಿ ಎದೆಯ ಸಾಲಿನಲ್ಲಿ ಎಲ್ಲಿದೆಯೋ ಅದೇ ನಿಮ್ಮ ಸೈಜು. ಬಿ ಕಪ್‌ಗೆ ಬದಲಾಗಿ ಸಿ ಕಪ್‌ಗೆ ಬರೆದದ್ದು ಎಂದು ಪ್ಯಾಟರ್ನಿನ ಮೇಲೆ ಹೇಳಿದ್ದರೆ 3 ಇಂಚು ಸೇರಿಸಿ, ಡಿ ಕಪ್ ಆದರೆ 4. ಈ ಕಪ್ ಲೆಕ್ಕಕ್ಕೂ ಬ್ರಾ ಮೇಲಿನ ಅಕ್ಷರಕ್ಕೂ ಸಂಬಂಧ ಹಚ್ಚಬೇಡಿ. ಬ್ರಾದಲ್ಲಿ ಎದೆಯ ಕೆಳಗಿನ ಸುತ್ತಳತೆ ಲೆಕ್ಕಕ್ಕೆ ಬರುತ್ತದೆ, ಇಲ್ಲಿ ಮೇಲಿನದು.

ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಮೇಲೆದೆ 36 ಇಂಚು, ತುಂಬು ಎದೆ 40 ಇಂಚು ಇರುವವರು ಪಟ್ಟಿಯಲ್ಲಿ ಎದೆ 40 ಎಂದಿರುವ ಸೈಜನ್ನು ಹೊಲಿದರು. ಎದೆ ಕೂತಿತು, ಆದರೆ ಭುಜದ ಹೊಲಿಗೆ ತೋಳಿನ ಕಡೆಗೆ ಮುಕ್ಕಾಲು ಇಂಚು ಇಳಿದಿತ್ತು, ಬಗ್ಗಿದರೆ ಕೊರಳು ತೆರೆದುಕೊಳ್ಳುತ್ತಿತ್ತು. ಅವರಿಗೆ ಬೇಕಿದ್ದದ್ದು 36 ಕೂಡಿಸು 2, ಅಂದರೆ ಎದೆ 38ರ ಸೈಜು. ಅದರಲ್ಲಿ ಎದೆಗೆ ಕಡಿಮೆ ಬೀಳುವುದು 40 ಕಳೆ 38, ಅಂದರೆ 2 ಇಂಚು. ಮುಂಭಾಗದ ಪ್ಯಾಟರ್ನ್ ಅರ್ಧ ಮೈಗೆ ಮಾತ್ರ ಇರುವುದರಿಂದ ಕಾಗದದಲ್ಲಿ ಸೇರಿಸಬೇಕಾದದ್ದು ಅದರ ಅರ್ಧ: 1 ಇಂಚು.

ಈ ಕಳೆಯುವ ಲೆಕ್ಕಕ್ಕೆ ಮೈಯಳತೆಯ ಪಟ್ಟಿಯನ್ನೇ ಬಳಸಿ. ಹೊಲಿದ ಉಡುಪಿನ ಅಳತೆ ಎಂದು ಪಕ್ಕದಲ್ಲಿ ಕೊಟ್ಟಿರುವ ಸಂಖ್ಯೆಯಲ್ಲಿ ಓಡಾಡಲು ಬಿಟ್ಟ ಲೂಸ್ ಸೇರಿರುತ್ತದೆ. ಅದರಿಂದ ಕಳೆದರೆ ಏನೂ ಸೇರಿಸಬೇಕಿಲ್ಲ ಅನ್ನುವ ಉತ್ತರ ಬರುತ್ತದೆ, ಟಾಪ್ ಮಾತ್ರ ಬಿಗಿಯಾಗಿಯೇ ಇರುತ್ತದೆ. ಒಟ್ಟು ವ್ಯತ್ಯಾಸ ಅರ್ಧ ಇಂಚಿನೊಳಗಿದ್ದರೆ ಪ್ಯಾಟರ್ನ್ ಮುಟ್ಟಬೇಡಿ. ಅಷ್ಟನ್ನು ಲೂಸ್ ನುಂಗಿಕೊಳ್ಳುತ್ತದೆ.

ಎದೆಯ ಮೇಲೆ ಅಡ್ಡಕ್ಕೆ ಎಳೆಯುತ್ತದೆ, ಬಟನ್ ನಡುವೆ ಬಾಯಿ ಬಿಡುತ್ತದೆ

ಬಿಗಿ ಇದೆ ಎಂದ ಮಾತ್ರಕ್ಕೆ ಎದೆಯೇ ಕಾರಣ ಎಂದುಕೊಳ್ಳಬೇಡಿ. ಬೆನ್ನು ಅಗಲವಿದ್ದರೂ ಬಟನ್ ಹೀಗೇ ಎಳೆಯುತ್ತದೆ. ಬೆನ್ನಿನ ತೊಂದರೆಗೆ ಎದೆಯಲ್ಲಿ ಜಾಗ ಮಾಡಿದರೆ ಮುಂದೆ ಜೋಲು, ಹಿಂದೆ ಬಿಗಿ.

ಇದನ್ನು ಪಕ್ಕದ ಹೊಲಿಗೆ ತೋರಿಸಿಕೊಡುತ್ತದೆ. ಟಾಪ್ ಹಾಕಿಕೊಂಡು, ಕೈ ಸ್ವಲ್ಪ ಮುಂದಕ್ಕೆ ತಂದು, ಪಕ್ಕದಿಂದ ಒಂದು ಫೋಟೋ ತೆಗೆಸಿಕೊಳ್ಳಿ. ಕಂಕುಳಿಂದ ಕೆಳಗೆ ಹೊಲಿಗೆ ನೇರವಾಗಿ ಬೀಳಬೇಕು. ಎದೆಯ ಮಟ್ಟದಲ್ಲಿ ಅದು ಮುಂದಕ್ಕೆ ಬಾಗಿದ್ದರೆ, ಮುಂಭಾಗಕ್ಕೆ ಬಟ್ಟೆ ಸಾಲದೆ ಅದು ಹಿಂಭಾಗದಿಂದ ಎಳೆದುಕೊಳ್ಳುತ್ತಿದೆ. ಇದು ತುಂಬು ಎದೆಯ ತಿದ್ದುಪಡಿಯ ಕೇಸು. ಹಿಂದಕ್ಕೆ ಬಾಗಿದ್ದರೆ ಬೆನ್ನಿಗೆ ಅಗಲ ಬೇಕು. ಹೊಲಿಗೆ ನೇರವಾಗೇ ಇದ್ದು ಸುತ್ತಲೂ ಬಿಗಿಯಿದ್ದರೆ ಸೈಜೇ ಚಿಕ್ಕದು, ಮೇಲೆದೆ ಅಳತೆ ಇನ್ನೊಮ್ಮೆ ತೆಗೆಯಿರಿ.

ಪಿನ್ ಚುಚ್ಚಿಕೊಂಡು ಪರೀಕ್ಷೆ ಮಾಡುವಾಗ ಎದೆಯ ಹತ್ತಿರ ಸೇಫ್ಟಿ ಪಿನ್ ಬಳಸಿ. ಸಾದಾ ಪಿನ್ ಬಟ್ಟೆ ಬಿಗಿಯಾದಾಗ ತಿರುಗಿ ಚುಚ್ಚುತ್ತದೆ.

ಮುಂದಿನ ಅಂಚು ಮೇಲೇರಿದೆ, ಆರ್ಮ್‌ಹೋಲ್ ಹತ್ತಿರ ಬಟ್ಟೆ ಮಡಚಿ ನಿಲ್ಲುತ್ತದೆ

ಎದೆಗೆ ಬೇಕಿರುವುದು ಅಗಲ ಮಾತ್ರ ಅಲ್ಲ. ಬಟ್ಟೆ ಉಬ್ಬಿನ ಮೇಲೆ ಹತ್ತಿ ಇಳಿಯಬೇಕು, ಅದಕ್ಕೆ ಉದ್ದವೂ ಬೇಕು. ಉದ್ದ ಸಿಗದಿದ್ದಾಗ ಕೆಳಗಿನ ಅಂಚನ್ನು ಮೇಲಕ್ಕೆಳೆದುಕೊಳ್ಳುತ್ತದೆ. ಸೊಂಟದಲ್ಲಿ ಹೊಲಿಗೆ ಇದ್ದರೆ ಅದು ನಡುವಿನಲ್ಲಿ ಏರಿ, ಪಕ್ಕಕ್ಕೆ ಬರುತ್ತ ಇಳಿದಿರುತ್ತದೆ. ಆರ್ಮ್‌ಹೋಲಿನಿಂದ ಎದೆಯ ತುದಿಯ ಕಡೆಗೆ ಓರೆಯಾಗಿ ನಿಲ್ಲುವ ಮಡಿಕೆ ಇನ್ನೊಂದು ಗುರುತು: ಅಲ್ಲಿ ಡಾರ್ಟ್ ಇನ್ನೂ ಬೇಕಿತ್ತು, ಅದು ಇಲ್ಲದ್ದರಿಂದ ಬಟ್ಟೆ ತಾನೇ ಒಂದು ಮಡಿಕೆ ಮಾಡಿಕೊಂಡಿದೆ.

ಪಕ್ಕದ ಹೊಲಿಗೆಯ ಅಂಚನ್ನು ಸುಮ್ನೆ ಹೊರಗೆ ಬರೆದು ಅಗಲ ಹೆಚ್ಚಿಸಿದರೆ ಬಿಗಿ ಹೋಗುತ್ತದೆ, ಈ ಎರಡು ಗುರುತುಗಳು ಉಳಿಯುತ್ತವೆ. ಅಗಲ, ಉದ್ದ, ಡಾರ್ಟ್ ಮೂರನ್ನೂ ಒಟ್ಟಿಗೆ ಹೆಚ್ಚಿಸುವ ದಾರಿ ಒಂದೇ: ಕಾಗದ ಸೀಳಿ ಹರಡುವುದು.

ಕಾಗದ ಸೀಳಿ ಹರಡುವ ಬಗೆ

ಮೂಲ ಪ್ಯಾಟರ್ನ್ ಕತ್ತರಿಸಬೇಡಿ. ಮುಂಭಾಗವನ್ನು ಬೇರೆ ಕಾಗದದ ಮೇಲೆ ಇಳಿಸಿ, ಬಟ್ಟೆಯ ಎಳೆಯ ದಿಕ್ಕು ತೋರಿಸುವ ಗ್ರೇನ್‌ಲೈನ್, ಮುಂಭಾಗದ ನಟ್ಟನಡುವೆ ಮೇಲಿಂದ ಕೆಳಕ್ಕೆ ಇಳಿಯುವ ನಡುಗೆರೆ, ಡಾರ್ಟ್, ಗುರುತುಗಳೆಲ್ಲವನ್ನೂ ಹಾಕಿ. ಸುತ್ತಲೂ ಹೊಲಿಗೆಯ ಗೆರೆಯನ್ನೂ ಎಳೆಯಿರಿ. ಹೊಲಿಗೆ ಮಾರ್ಜಿನ್ ಲೆಕ್ಕಕ್ಕೆ ಹಿಡಿಯದೆ ಮಾಡಿದರೆ ಮುಂದೆ ಸೀಳಿದ ಕಾಗದ ತಿರುಗುವ ಕೀಲು ತಪ್ಪಾದ ಜಾಗದಲ್ಲಿ ಬೀಳುತ್ತದೆ. ಕಾಗದದಲ್ಲಿ ಮಡಿಕೆ ಇದ್ದರೆ ಟೇಪ್ ಅಂಟಿಸುವ ಮೊದಲೇ, ಆವಿ ಇಲ್ಲದೆ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಪ್ಲಾಸ್ಟಿಕ್ ಟೇಪಿನ ಮೇಲೆ ಇಸ್ತ್ರಿ ಇಟ್ಟರೆ ಅದು ಕರಗಿ ಇಸ್ತ್ರಿಯ ತಳಕ್ಕೆ ಹಿಡಿಯುತ್ತದೆ.

ನಂತರ ಎದೆಯ ತುದಿ ಗುರುತಿಸಿ. ಭುಜದ ಹೊಲಿಗೆ ಮತ್ತು ನಡುಗೆರೆ ತಮ್ಮ ಜಾಗಕ್ಕೆ ಬರುವ ಹಾಗೆ ಕಾಗದವನ್ನು ಮೈಮೇಲೆ ಹಿಡಿದು, ಎದೆಯ ತುದಿ ಬರುವ ಕಡೆ ಚುಕ್ಕಿ ಹಾಕಿ. ಪ್ಯಾಟರ್ನಿನಲ್ಲಿ ಮುದ್ರಿಸಿದ ಚುಕ್ಕಿ ಇದ್ದರೂ ನಿಮ್ಮದನ್ನೇ ನಂಬಿ. ಡಾರ್ಟ್ ಈ ಚುಕ್ಕಿಯ ಕಡೆ ತೋರುತ್ತಿಲ್ಲವಾದರೆ, ಡಾರ್ಟನ್ನು ಚೌಕವಾಗಿ ಕತ್ತರಿಸಿ ಮೇಲೆ ಅಥವಾ ಕೆಳಗೆ ಸರಿಸಿ ಅಂಟಿಸಿ, ಆಮೇಲೆ ಮುಂದುವರಿಯಿರಿ.

ಈಗ ಮೂರು ಗೆರೆ. ಒಂದನೆಯದು ಕೆಳಗಿನ ಅಂಚಿನಿಂದ, ಗ್ರೇನ್‌ಲೈನ್‌ಗೆ ಸಮಾನಾಂತರವಾಗಿ, ಎದೆಯ ಚುಕ್ಕಿಯವರೆಗೆ ನೇರ ಏರಿ, ಅಲ್ಲಿಂದ ಓರೆಯಾಗಿ ಆರ್ಮ್‌ಹೋಲಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಹೋಗುತ್ತದೆ. ಎರಡನೆಯದು ಪಕ್ಕದ ಹೊಲಿಗೆಯಿಂದ ಡಾರ್ಟಿನ ನಟ್ಟನಡುವೆ ಹಾದು ಚುಕ್ಕಿ ಸೇರುತ್ತದೆ. ಡಾರ್ಟೇ ಇಲ್ಲದ ಪ್ಯಾಟರ್ನ್ ಆದರೆ, ಡಾರ್ಟ್ ಎಲ್ಲಿ ಬೇಕೋ ಅಲ್ಲಿ ಈ ಗೆರೆ ಎಳೆಯಿರಿ, ಹರಡಿದಾಗ ಹೊಸ ಡಾರ್ಟ್ ಹುಟ್ಟುತ್ತದೆ. ಮೂರನೆಯದು ಚುಕ್ಕಿಗಿಂತ ಸಾಕಷ್ಟು ಕೆಳಗೆ, ಒಂದನೇ ಗೆರೆಯಿಂದ ನಡುಗೆರೆಯವರೆಗೆ ಅಡ್ಡಕ್ಕೆ.

ಒಂದನೇ ಗೆರೆಯನ್ನು ಕೆಳಗಿನಿಂದ ಕತ್ತರಿಸುತ್ತ ಬಂದು, ಚುಕ್ಕಿ ದಾಟಿ, ಆರ್ಮ್‌ಹೋಲಿನ ಹೊಲಿಗೆ ಗೆರೆಗೆ ಕೂದಲೆಳೆ ದೂರದಲ್ಲಿ ನಿಲ್ಲಿಸಿ. ಹೊರಗಿನಿಂದ ಮಾರ್ಜಿನ್ನನ್ನೂ ಅದೇ ಬಿಂದುವಿನತ್ತ ಕತ್ತರಿಸಿ, ಆದರೆ ಎರಡು ಸೀಳೂ ಕೂಡಬಾರದು. ನಡುವೆ ಉಳಿದ ಆ ಒಂದಿಷ್ಟು ಕಾಗದವೇ ಕೀಲು. ಎರಡನೇ ಗೆರೆಯನ್ನು ಪಕ್ಕದಿಂದ ಕತ್ತರಿಸಿ ಚುಕ್ಕಿಯ ಹತ್ತಿರ ಅಂಥದ್ದೇ ಕೀಲು ಬಿಡಿ. ಬ್ಲೇಡಿನ ಚಾಕು ಬಳಸುವುದಾದರೆ ಕೆಳಗೆ ದಪ್ಪ ರಟ್ಟು ಇರಲಿ, ಕಾಗದ ಹಿಡಿದ ಕೈ ಬ್ಲೇಡಿನ ದಾರಿಗೆ ಅಡ್ಡ ಬರದಿರಲಿ.

ಈಗ ಕೆಳಗೆ ಹೊಸ ಕಾಗದ ಇಟ್ಟು, ನಡುಗೆರೆ ಇರುವ ತುಂಡನ್ನು ಅದಕ್ಕೆ ಅಂಟಿಸಿ. ಪಕ್ಕದ ತುಂಡನ್ನು ಮೆಲ್ಲಗೆ ಹೊರಗೆ ಸರಿಸಿ. ಎದೆಯ ಮಟ್ಟದಲ್ಲಿ ಸೀಳು ನಿಮಗೆ ಬೇಕಾದಷ್ಟು ತೆರೆದಾಗ ನಿಲ್ಲಿಸಿ, ನಮ್ಮ ಉದಾಹರಣೆಯಲ್ಲಿ 1 ಇಂಚು. ಅಲ್ಲಿಂದ ಕೆಳಗೆ ಸೀಳಿನ ಎರಡೂ ಅಂಚು ಸಮಾನಾಂತರವಾಗಿರಬೇಕು: ಚುಕ್ಕಿಯ ಹತ್ತಿರ 1 ಇಂಚು, ಕೆಳಗಿನ ಅಂಚಿನಲ್ಲೂ 1 ಇಂಚು. ಸಮಾನಾಂತರಕ್ಕೆ ತರುವಾಗ ಡಾರ್ಟ್ ತಾನಾಗಿಯೇ ಅಗಲವಾಗುತ್ತದೆ. ಮುಕ್ಕಾಲು ಇಂಚಿದ್ದ ಡಾರ್ಟ್ ಈ ಉದಾಹರಣೆಯಲ್ಲಿ ಒಂದೂಮುಕ್ಕಾಲು ಇಂಚಿನ ಹತ್ತಿರ ಬರುತ್ತದೆ. ಡಾರ್ಟ್ ತೆರೆದುಕೊಳ್ಳದೆ ಕಾಗದ ಉಬ್ಬಿ ನಿಂತರೆ ಕೀಲು ದಪ್ಪ ಉಳಿದಿದೆ. ಬಲವಂತ ಮಾಡಬೇಡಿ, ಕೀಲನ್ನು ಇನ್ನೊಂದು ಚೂರು ಕತ್ತರಿಸಿ. ಕೀಲು ಹರಿದೇ ಹೋದರೂ ಗಾಬರಿ ಬೇಡ, ಎರಡು ತುದಿಗಳನ್ನು ಹೊಲಿಗೆ ಗೆರೆಯ ಮೇಲೆ ತಾಗಿಸಿ ಟೇಪ್ ಹಾಕಿದರಾಯಿತು.

ಕೆಳಗಿನ ಅಂಚು ನೋಡಿ. ಪಕ್ಕದ ತುಂಡು ನಡುವಿನ ತುಂಡಿಗಿಂತ ಸುಮಾರು ಅರ್ಧ ಇಂಚು ಕೆಳಗೆ ಬಂದಿರುತ್ತದೆ. ಎದೆಗೆ ಬೇಕಿದ್ದ ಉದ್ದ ಅದೇ. ಮೂರನೇ ಗೆರೆಯನ್ನು ಕತ್ತರಿಸಿ, ನಡುವಿನ ತುಂಡಿನ ಕೆಳಭಾಗವನ್ನು ನಡುಗೆರೆಯ ನೇರಕ್ಕೇ ಕೆಳಗೆ ಸರಿಸಿ, ಎರಡೂ ಅಂಚು ಒಂದೇ ಮಟ್ಟಕ್ಕೆ ತನ್ನಿ. ಈ ಹೆಜ್ಜೆ ಬಿಟ್ಟವರ ಟಾಪಿನಲ್ಲಿ ಮುಂದಿನ ಅಂಚು ಮತ್ತೆ ಮೇಲೇರುತ್ತದೆ. ಎಲ್ಲ ಖಾಲಿ ಜಾಗಕ್ಕೂ ಕಾಗದ ಹಿಡಿಸಿ ಅಂಟಿಸಿ.

ಉಳಿದದ್ದು ಡಾರ್ಟ್ ಬರೆಯುವುದು. ಡಾರ್ಟಿನ ತುದಿ ಎದೆಯ ಚುಕ್ಕಿಯನ್ನು ಮುಟ್ಟಬಾರದು. ತುಂಬು ಎದೆಗೆ ಒಂದೂವರೆಯಿಂದ 2 ಇಂಚು ಹಿಂದೆ ನಿಲ್ಲಲಿ. ತುದಿಯಿಂದ ಪಕ್ಕದ ಹೊಲಿಗೆಗೆ ಎರಡು ಕಾಲುಗಳನ್ನು ಎಳೆದು, ಕಾಗದವನ್ನು ಡಾರ್ಟ್ ಹೊಲಿದ ಹಾಗೇ ಮಡಚಿ, ಮಡಿಕೆ ಕೆಳಮುಖವಾಗಿರಲಿ. ಮಡಚಿದ ಸ್ಥಿತಿಯಲ್ಲೇ ಪಕ್ಕದ ಅಂಚನ್ನು ನೇರ ಕತ್ತರಿಸಿ. ಬಿಡಿಸಿದಾಗ ಡಾರ್ಟಿನ ಬಾಯಲ್ಲಿ ಒಂದು ಸಣ್ಣ ಮೂಲೆ ಹೊರಗೆ ಚಾಚಿಕೊಂಡಿರುತ್ತದೆ, ಅದನ್ನು ತಪ್ಪು ಎಂದು ಸಮ ಮಾಡಬೇಡಿ. ಡಾರ್ಟ್ ಮಡಚಿದಾಗ ಹೊಲಿಗೆಗೆ ಸಿಕ್ಕಿಕೊಳ್ಳುವ ಬಟ್ಟೆ ಅದು. ಅದು ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಪಕ್ಕದ ಹೊಲಿಗೆ ಕೂಡುವಾಗ ಡಾರ್ಟಿನ ಜಾಗದಲ್ಲಿ ಬಟ್ಟೆ ಸಾಲದೆ ಹೋಗುತ್ತದೆ.

ಒಳ್ಳೆಯ ಬಟ್ಟೆ ಕತ್ತರಿಸುವ ಮುಂಚೆ, ಅಷ್ಟೇ ತೂಕದ ಹಳೇ ಬಟ್ಟೆಯಲ್ಲಿ ಟ್ರಯಲ್ ಪೀಸ್ ಹೊಲಿಯಿರಿ. ತೋಳು, ಕಾಲರ್ ಬೇಡ. ಮುಂದೆ, ಹಿಂದೆ, ಉದ್ದನೆಯ ಹೊಲಿಗೆ ಸಾಕು.

ತಿದ್ದಿದ ಮೇಲೆ ಡಾರ್ಟಿನ ತುದಿ ಮೊನಚಾಗಿ ನಿಲ್ಲುತ್ತದೆ

ಮೊದಲು ಹೊಲಿಗೆ ನೋಡಿ. ಕೊನೆಯ ಅರ್ಧ ಇಂಚಿನಲ್ಲಿ ಹೊಲಿಗೆ ಮಡಿಕೆಗೆ ತೀರಾ ಹತ್ತಿರ, ಹೆಚ್ಚುಕಡಿಮೆ ಮಡಿಕೆಯ ಮೇಲೇ ಸಾಗಿ ಮುಗಿಯಬೇಕು. ಥಟ್ಟನೆ ತಿರುಗಿ ಮುಗಿದಿದ್ದರೆ ಗುಳ್ಳೆ ಬರುತ್ತದೆ. ಹೊಲಿಗೆ ಸರಿಯಿದ್ದರೆ ತುದಿ ಎದೆಯ ಚುಕ್ಕಿಗೆ ತೀರಾ ಹತ್ತಿರವಿದೆಯೇ ಎಂದು ನೋಡಿ, ಅರ್ಧ ಇಂಚು ಹಿಂದೆ ಸರಿಸಿ. ಇದೂ ಅಲ್ಲವಾದರೆ ಡಾರ್ಟೇ ದೊಡ್ಡದು. ಪಕ್ಕದ ಹೊಲಿಗೆಯ ಹತ್ತಿರ 2 ಇಂಚಿಗಿಂತ ಅಗಲವಾದ ಒಂದೇ ಡಾರ್ಟ್ ಚೆನ್ನಾಗಿ ಕೂರುವುದು ಅಪರೂಪ. ಅದನ್ನು ಅರ್ಧರ್ಧ ಮಾಡಿ, ಒಂದರ ಕೆಳಗೊಂದು ಎರಡು ಡಾರ್ಟ್ ಇಡಿ. ಒಂದು ಪಾಲನ್ನು ಸೊಂಟದ ಡಾರ್ಟಿಗೆ ತಿರುಗಿಸಿದರೂ ಆದೀತು. ನನಗೆ ಎರಡು ಡಾರ್ಟ್ ಜಾಸ್ತಿ ಇಷ್ಟ, ಸೊಂಟವನ್ನು ಕೆಣಕುವುದಿಲ್ಲ.

ಎದೆ ಸರಿಯಾಯಿತು, ಸೊಂಟ ದೊಡ್ಡದಾಯಿತು

ಸೀಳನ್ನು ಸಮಾನಾಂತರವಾಗಿ ತೆರೆದದ್ದರಿಂದ ಸೊಂಟದಲ್ಲೂ ಅಷ್ಟೇ ಸೇರಿದೆ. ಸಡಿಲ ಟಾಪ್ ಆದರೆ ಹಾಗೇ ಬಿಡಿ. ಮೈಗೆ ಹತ್ತಿರದ್ದಾದರೆ, ಪ್ರತಿ ಪಕ್ಕಕ್ಕೆ ಅರ್ಧ ಇಂಚಿನವರೆಗೆ ಡಾರ್ಟಿನ ಕೆಳಗಿನಿಂದ ಪಕ್ಕದ ಹೊಲಿಗೆಯಲ್ಲಿ ಒಳಗೆ ಹಿಡಿಯಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಚುಕ್ಕಿಯ ಕೆಳಗೆ ಸೊಂಟದ ಡಾರ್ಟ್ ಮಾಡಿ. ಎಲ್ಲವನ್ನೂ ಪಕ್ಕದಲ್ಲೇ ಹಿಡಿದರೆ ಹೊಲಿಗೆ ಮುಂದಕ್ಕೆ ವಾಲುತ್ತದೆ.

ಆರ್ಮ್‌ಹೋಲ್ ಇನ್ನೂ ಬಾಯಿ ಬಿಡುತ್ತದೆ

ಟ್ರಯಲ್ ಪೀಸಿನಲ್ಲಿ ಮಡಿಕೆ ನಿಂತ ಕಡೆ ಹೆಚ್ಚಿನ ಬಟ್ಟೆಯನ್ನು ಪಿನ್ ಹಾಕಿ ಹಿಡಿದು ಎಷ್ಟಿದೆ ಎಂದು ಅಳೆಯಿರಿ. ಕಾಗದದಲ್ಲಿ ಅದೇ ಜಾಗದಿಂದಲೂ ಡಾರ್ಟಿನ ನಡುವಿನಿಂದಲೂ ಎದೆಯ ಚುಕ್ಕಿಯವರೆಗೆ ಸೀಳಿ, ಚುಕ್ಕಿಯ ಹತ್ತಿರ ಕೀಲು ಬಿಟ್ಟು, ಆರ್ಮ್‌ಹೋಲಿನಲ್ಲಿ ಅಷ್ಟನ್ನು ಒಂದರ ಮೇಲೊಂದು ತಂದು ಮುಚ್ಚಿ. ಡಾರ್ಟ್ ಆ ಲೆಕ್ಕಕ್ಕೆ ಇನ್ನಷ್ಟು ತೆರೆಯುತ್ತದೆ. ಆರ್ಮ್‌ಹೋಲಿನ ಅಂಚನ್ನು ಸುಮ್ನೆ ಕತ್ತರಿಸಿ ಎಸೆದರೆ ತೋಳಿಗೆ ಬೇಕಾದ ಸುತ್ತಳತೆ ಹೋಗುತ್ತದೆ, ಬಾಯಿ ಬಿಡುವುದು ನಿಲ್ಲುವುದಿಲ್ಲ.

ಎಲ್ಲಿ ನಿಲ್ಲಿಸಬೇಕು

ಅರ್ಧ ಮುಂಭಾಗಕ್ಕೆ ಒಂದೂವರೆ ಇಂಚಿಗಿಂತ ಜಾಸ್ತಿ ಸೇರಿಸಬೇಕು ಎಂದು ಲೆಕ್ಕ ಬಂದರೆ ಈ ಒಂದೇ ಸೀಳಿನ ಮೇಲೆ ಭಾರ ಹಾಕಬೇಡಿ. ಆರ್ಮ್‌ಹೋಲಿನ ಆಕಾರ ಕೆಡುತ್ತದೆ, ಡಾರ್ಟ್ ಅಳತೆ ಮೀರುತ್ತದೆ. ಕಪ್‌ಗಳ ಪ್ರಕಾರ ಬೇರೆ ಬೇರೆ ಮುಂಭಾಗ ಕೊಡುವ ಪ್ಯಾಟರ್ನ್ ಹುಡುಕಿ, ಅಥವಾ ಭುಜದಿಂದ ಕೆಳಗೆ ಉದ್ದ ಹೊಲಿಗೆ ಇರುವ ಪ್ರಿನ್ಸೆಸ್ ಕಟ್ ಆರಿಸಿ. ಅದಕ್ಕೆ ತಿದ್ದುವ ಬಗೆಯೇ ಬೇರೆ, ಇಲ್ಲಿಯ ಗೆರೆಗಳು ಅಲ್ಲಿ ನಡೆಯುವುದಿಲ್ಲ.

ಎರಡು ಟ್ರಯಲ್ ಪೀಸ್ ಆದರೂ ಅದೇ ಜಾಗದಲ್ಲಿ ಅದೇ ಎಳೆತ ಉಳಿದಿದ್ದರೆ ಮೂರನೆಯದು ಹೊಲಿಯುವ ಮೊದಲು ಅನುಭವಿ ದರ್ಜಿಯೊಬ್ಬರಿಗೆ ಹಾಕಿ ತೋರಿಸಿ. ಮುಂದಕ್ಕೆ ಬಾಗಿದ ಭುಜ, ಒಂದು ಕಡೆ ಇಳಿದ ಭುಜ ಇಂಥವು ಎದೆಯ ತೊಂದರೆಯಂತೆಯೇ ಕಾಣುತ್ತವೆ, ಇನ್ನೊಬ್ಬರ ಕಣ್ಣಿಗೆ ಬೇಗ ಗೊತ್ತಾಗುತ್ತವೆ. ಎರಡು ಎದೆಯ ಗಾತ್ರ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ದೊಡ್ಡದಿರುವ ಕಡೆಗೆ ತಿದ್ದಿ, ವ್ಯತ್ಯಾಸ ಎದ್ದು ಕಾಣುವಷ್ಟಿದ್ದರೆ ಎಡ ಬಲಕ್ಕೆ ಬೇರೆ ಬೇರೆ ಕಾಗದ ಮಾಡಿಕೊಳ್ಳಿ. ಆದರೆ ಆ ವ್ಯತ್ಯಾಸ ಇತ್ತೀಚೆಗೆ ಹೊಸದಾಗಿ ಬಂದಿದ್ದರೆ, ಗಂಟು ಅಥವಾ ಊತ ಕೈಗೆ ಸಿಕ್ಕರೆ, ಕಾಗದ ಅಲ್ಲೇ ಬಿಟ್ಟು ವೈದ್ಯರಿಗೆ ತೋರಿಸಿ.